ಆಯಿಯ ಬಿಪಿ ಮಾತ್ರೆ ಫಾರ್ಮಿನಲ್ಲಿ ಬರೆದಿರಲಿ

ಶಿರಸಿ

ಪ್ರೀತಿಯ ಅಪ್ಪಿ,

ಆಯಿಗೆ ಆರೋಗ್ಯ ವಿಮೆ ಮಾಡಿಸುತ್ತಿದ್ದೀಯ ಎಂದು ಕೇಳಿ ಸಮಾಧಾನವಾಯಿತು. ಆದರೆ ಅಲ್ಲಿ ಕಾರವಾರದ ಏಜೆಂಟ್ ‘ಈ ವಯಸ್ಸಿಗೆ ಬಿಪಿ ಎಲ್ಲರಿಗೂ ಇರುತ್ತದೆ, ಬರೆದರೆ ಸುಮ್ನೆ ಪ್ರೀಮಿಯಂ ಜಾಸ್ತಿ’ ಅಂದನಂತಲ್ಲ, ಆ ಮಾತು ಕೇಳಬೇಡ. ಫಾರ್ಮ್ ತುಂಬುವುದು ಅವನಾದರೂ ಜವಾಬ್ದಾರಿ ನಿಮ್ಮದೇ. ಮೊಬೈಲಿಗೆ ಬಂದ ಒಟಿಪಿ ಹೇಳಿದರೂ ಸಹಿ ಹಾಕಿದ ಹಾಗೇ.

ದೇವರು ಹಾಗೆ ಮಾಡದಿರಲಿ, ಎರಡನೇ ವರ್ಷ ಆಯಿಗೆ ಎದೆನೋವು ಬಂದು ಮಂಗಳೂರಿಗೆ ಕರೆದುಕೊಂಡು ಹೋದೆ ಎಂದಿಟ್ಟುಕೋ. ಡಾಕ್ಟರು ಬಿಪಿ ಎಷ್ಟು ವರ್ಷದಿಂದ ಎಂದು ಕೇಳುತ್ತಾರೆ. ಆರು ವರ್ಷ ಎಂದು ನೀನೇ ಹೇಳುತ್ತೀಯ. ಹೇಳಲೇಬೇಕು, ಚಿಕಿತ್ಸೆಗೆ ಅದು ಬೇಕು. ಅದು ಕೇಸ್ ಶೀಟಿಗೂ ಡಿಸ್ಚಾರ್ಜ್ ಸಮರಿಗೂ ಹೋಗುತ್ತದೆ. ವಿಮೆಯವರು ಅದನ್ನು ಫಾರ್ಮಿನ ಜೊತೆ ಹೋಲಿಸಿ ನೋಡುತ್ತಾರೆ. ಅಲ್ಲಿ ‘ಇಲ್ಲ’ ಎಂದಿದ್ದರೆ ಕ್ಲೇಮ್ ತಿರಸ್ಕರಿಸಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಆಮೇಲೆ ಬೇರೆ ಕಂಪನಿಗೆ ಹೋದರೆ, ಹಿಂದೆ ಪಾಲಿಸಿ ರದ್ದಾಗಿತ್ತೇ ಎಂಬ ಪ್ರಶ್ನೆ ಆ ಫಾರ್ಮಿನಲ್ಲೂ ಇರುತ್ತದೆ. ಅಷ್ಟರಲ್ಲಿ ಆಯಿಯ ವಯಸ್ಸೂ ಏರಿರುತ್ತದೆ, ಹೃದ್ರೋಗವೂ ಸೇರಿರುತ್ತದೆ. ಯಾರು ಕೊಡುತ್ತಾರೆ ಹೇಳು?

ನಿಜ ಬರೆದರೆ ಎಲ್ಲವೂ ಸಲೀಸು ಎಂದೇನಲ್ಲ. ಪ್ರೀಮಿಯಂ ಏರಬಹುದು, ತಪಾಸಣೆ ಕೇಳಬಹುದು, ಬೇಡ ಎನ್ನಲೂಬಹುದು. ಬಿಪಿಗೆ ಕಾಯುವ ಅವಧಿ ಹಾಕಬಹುದು, ಅಂದರೆ ಅಲ್ಲಿಯವರೆಗೆ ಬಿಪಿಯಿಂದ ಬಂದ ತೊಂದರೆಗೆ ದುಡ್ಡು ಕೊಡುವುದಿಲ್ಲ. ಈಗಿನ ನಿಯಮದಲ್ಲಿ ಅದು 36 ತಿಂಗಳು ಮೀರುವಂತಿಲ್ಲ. ಹಾಗಾಗಿ ಎರಡನೇ ವರ್ಷದ ಆ ಎದೆನೋವಿಗೆ ಆಗಲೂ ದುಡ್ಡು ಸಿಗದೇ ಹೋಗಬಹುದು. ಆದರೆ ಪಾಲಿಸಿ ಉಳಿಯುತ್ತದೆ. ನಡುವೆ ಡೆಂಗಿ ಬಂದರೆ, ಅಂಗಳದಲ್ಲಿ ಜಾರಿ ಕಾಲು ಮುರಿದರೆ ಕೊಡುತ್ತಾರೆ. ಮೂರು ವರ್ಷ ದಾಟಿದ ಮೇಲೆ ಬಿಪಿಯಿಂದ ಬಂದ ತೊಂದರೆಗೂ ಕೊಡುತ್ತಾರೆ.

‘ಐದು ವರ್ಷ ಆದ ಮೇಲೆ ಯಾರೂ ಕೇಳುವುದಿಲ್ಲ’ ಎಂದೂ ಅವನು ಹೇಳಿಯಾನು. ಸತತ 60 ತಿಂಗಳು ಪಾಲಿಸಿ ನಡೆದರೆ, ಮಾಹಿತಿ ಕೊಟ್ಟಿಲ್ಲ ಎಂದು ಕ್ಲೇಮ್ ತಳ್ಳುವಂತಿಲ್ಲ ಎಂಬುದು ಹೌದು. ಆದರೆ ಮೋಸ ಎಂದು ಸಾಬೀತಾದರೆ ಆ ರಕ್ಷಣೆ ಇಲ್ಲ. ಗೊತ್ತಿದ್ದೂ ‘ಇಲ್ಲ’ ಎಂದು ಬರೆದದ್ದನ್ನು ಮೋಸ ಅಲ್ಲ ಎಂದು ವಾದಿಸುವುದು ಕಷ್ಟ, ಅಲ್ವಾ?

ಆಯಿಯ ಹಳೆಯ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ಫಾರ್ಮ್ ತುಂಬು. ಬಿಪಿ ಯಾವಾಗಿನಿಂದ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಹೋದ ವರ್ಷ ಸಕ್ಕರೆ ಸ್ವಲ್ಪ ಹೆಚ್ಚು ಬಂದ ರಿಪೋರ್ಟ್, ಎಲ್ಲವನ್ನೂ ಬರೆ. ಈಗ ಕಂಟ್ರೋಲಿನಲ್ಲಿದೆ ಎಂದು ‘ಇಲ್ಲ’ಕ್ಕೆ ಟಿಕ್ ಹಾಕಬೇಡ, ಮಾತ್ರೆ ನುಂಗುತ್ತಿರುವುದರಿಂದಲೇ ಅದು ಕಂಟ್ರೋಲಿನಲ್ಲಿದೆ. ಪಾಲಿಸಿ ಬಂದ ದಿನವೇ ಜೊತೆಗಿರುವ ಫಾರ್ಮಿನ ಪ್ರತಿ ಓದು. ತಪ್ಪು ಕಂಡರೆ ಕಂಪನಿಗೇ ಇಮೇಲ್ ಬರೆದು ತಿದ್ದಿಸು. ಪಾಲಿಸಿಯೇ ಬೇಡ ಅನ್ನಿಸಿದರೆ ವಾಪಸ್ ಕೊಡಲು 30 ದಿನ ಸಮಯವಿದೆ.

ಒಟಿಪಿ ಹೇಳುವ ಮೊದಲು ತುಂಬಿದ ಫಾರ್ಮನ್ನು ನನಗೊಮ್ಮೆ ವಾಟ್ಸಾಪಿನಲ್ಲಿ ಕಳಿಸು, ಓದಿ ಹೇಳುತ್ತೇನೆ.

ನಿನ್ನ
ದೊಡ್ಡಪ್ಪ