ಆನ್‌ಲೈನ್ ಮಾರಾಟ ಮಾಡುವ ನಮ್ಮ ಗ್ರಾಹಕರಿಗೆ: ಇನ್ನು ಮುಂದೆ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಲದು

ನಮಸ್ಕಾರ,

ಬಳ್ಳಾರಿಯ ಜೀನ್ಸ್ ಆಗಲಿ, ಕಿನ್ನಾಳದ ಗೊಂಬೆ ಆಗಲಿ, ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಮಾರುವ ಎಲ್ಲರಿಗೂ ಈ ಪತ್ರ. ಮುಂದಿನ ತಿಂಗಳಿನಿಂದ ನಿಮ್ಮ ಜಿಎಸ್‌ಟಿ ರಿಟರ್ನ್ ತಯಾರಿಸುವ ರೀತಿಯನ್ನು ಬದಲಾಯಿಸುತ್ತಿದ್ದೇವೆ. ಇಷ್ಟು ದಿನ ನೀವು ವಾಟ್ಸಾಪ್‌ನಲ್ಲಿ ತಿಂಗಳ ಮಾರಾಟದ ಮೊತ್ತ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸುತ್ತಿದ್ದಿರಿ. ಇನ್ನು ಮೇಲೆ ಸೆಲ್ಲರ್ ಪ್ಯಾನೆಲ್‌ನಿಂದ ಮಾರಾಟದ ಟ್ಯಾಕ್ಸ್ ರಿಪೋರ್ಟ್, ವಾಪಸ್ ಬಂದ ಸರಕಿನ ರಿಪೋರ್ಟ್ ಮತ್ತು ಕಮಿಷನ್ ಬಿಲ್ಲುಗಳು ಬೇಕು. ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಕಳಿಸಿ. ಫೀ ಹೆಚ್ಚಿಸುತ್ತಿಲ್ಲ.

ಕಾರಣ ಟಿಸಿಎಸ್. ನಿಮ್ಮ ಸರಕಿನ ದುಡ್ಡನ್ನು ಗಿರಾಕಿಯಿಂದ ಮಾರ್ಕೆಟ್‌ಪ್ಲೇಸ್ ವಸೂಲಿ ಮಾಡುತ್ತದಲ್ವಾ? ಅದರಲ್ಲಿ ಸ್ವಲ್ಪ ಹಿಡಿದು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. 2018ರ ಅಕ್ಟೋಬರ್‌ನಿಂದ ಈ ನಿಯಮ ಇದೆ. ಮೊದಲು ನೂರಕ್ಕೆ ಒಂದು ರೂಪಾಯಿ ಇತ್ತು, 2024ರ ಜುಲೈ 10ರಿಂದ ಐವತ್ತು ಪೈಸೆ. ಮೊತ್ತ ಸಣ್ಣದು, ನಿಜ. ಆದರೆ ಅದನ್ನು ಕಟ್ಟುವಾಗ ಮಾರ್ಕೆಟ್‌ಪ್ಲೇಸ್ ಜಿಎಸ್‌ಟಿಆರ್-8 ಎಂಬ ರಿಟರ್ನ್ ಹಾಕುತ್ತದೆ. ನೀವು ಅವರ ಮೂಲಕ ಎಷ್ಟು ಮಾರಿದಿರಿ ಅನ್ನುವುದು ನಿಮ್ಮ ಜಿಎಸ್‌ಟಿ ನಂಬರಿನ ಎದುರು ಅದರಲ್ಲಿ ಬರೆದಿರುತ್ತದೆ. ನಿಮ್ಮ ರಿಟರ್ನ್‌ನಲ್ಲಿ ಬೇರೆ ಅಂಕಿ ಇದ್ದರೆ ಇಲಾಖೆಗೆ ಎದ್ದು ಕಾಣುತ್ತದೆ. ವ್ಯತ್ಯಾಸ ಸರಿಪಡಿಸದಿದ್ದರೆ ಅದನ್ನು ನಿಮ್ಮ ತೆರಿಗೆಗೆ ಸೇರಿಸಿ ಬಡ್ಡಿ ಸಮೇತ ಕಟ್ಟಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶ ಇದೆ.

"ಸರ್, ಬ್ಯಾಂಕಿಗೆ ಬಂದಿದ್ದೇ ಇಷ್ಟು. ಅಷ್ಟಕ್ಕೆ ಟ್ಯಾಕ್ಸ್ ಕಟ್ಟಿದ್ರೆ ಸಾಕಲ್ವಾ?" ಅಂತ ತುಂಬಾ ಜನ ಕೇಳುತ್ತೀರಿ. ಸಾಲದು. ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಕೌಲ್ ಬಜಾರ್‌ನಲ್ಲಿ ಹೊಲಿಸಿ ಮಾರುವ ಒಬ್ಬರು ಜನವರಿಯಲ್ಲಿ 400 ಜೀನ್ಸ್ ಕಳಿಸಿದರು ಅಂದುಕೊಳ್ಳಿ. ಒಂದರ ಬೆಲೆ ₹600, ಮೇಲೆ ಶೇ. 5 ಜಿಎಸ್‌ಟಿ ಸೇರಿ ಗಿರಾಕಿ ಕೊಟ್ಟಿದ್ದು ₹630. ಅದೇ ತಿಂಗಳು 90 ಪೀಸ್ ವಾಪಸ್ ಬಂದವು. ಸೈಜ್ ಆಗಲಿಲ್ಲ ಅಂತ ಕೆಲವು, ಗಿರಾಕಿ ಸಿಗದೆ ಕೊರಿಯರ್‌ನವರೇ ತಿರುಗಿಸಿದವು ಕೆಲವು. ಉಳಿದದ್ದು 310 ಪೀಸ್, ತೆರಿಗೆ ಬಿಟ್ಟು ₹1,86,000. ಮಾರ್ಕೆಟ್‌ಪ್ಲೇಸ್ ಟಿಸಿಎಸ್ ಹಿಡಿಯುವುದು ಈ ಮೊತ್ತದ ಮೇಲೆ: ₹930. ಜಿಎಸ್‌ಟಿಆರ್-8ರಲ್ಲಿ ಅವರು ತೋರಿಸುವುದೂ ಇದನ್ನೇ.

ಈಗ ಬ್ಯಾಂಕ್ ನೋಡಿ. ಗಿರಾಕಿಗಳು ಕೊಟ್ಟದ್ದು ಒಟ್ಟು ₹1,95,300. ಅದರಲ್ಲಿ ಕಮಿಷನ್ ಮತ್ತು ಕೊರಿಯರ್ ಖರ್ಚು ₹38,000 ಹೋಯಿತು, ಅದರ ಮೇಲೆ ಶೇ. 18 ಜಿಎಸ್‌ಟಿ ₹6,840 ಹೋಯಿತು. ಟಿಸಿಎಸ್ ₹930. ಇನ್‌ಕಮ್ ಟ್ಯಾಕ್ಸ್‌ನವರ ಟಿಡಿಎಸ್ ₹240. ಕೊನೆಗೆ ಕೈಗೆ ಬಂದದ್ದು ₹1,49,290. ಇದನ್ನೇ ಮಾರಾಟ ಅಂತ ತೋರಿಸಿದರೆ ತೆರಿಗೆ ಬಿಟ್ಟು ಸುಮಾರು ₹1,42,181 ಆಗುತ್ತದೆ. ಮಾರ್ಕೆಟ್‌ಪ್ಲೇಸ್ ಹೇಳಿದ್ದಕ್ಕಿಂತ ₹43,819 ಕಡಿಮೆ. ತೆರಿಗೆಯಲ್ಲಿ ಉಳಿದದ್ದು ಬರೀ ₹2,191. ಅಷ್ಟಕ್ಕೆ ನೋಟಿಸ್ ತರಿಸಿಕೊಳ್ಳುವುದು ಯಾಕೆ? ಕಮಿಷನ್ ಬಿಲ್ಲಿನಲ್ಲಿ ಕಟ್ಟಿದ ₹6,840 ಇನ್‌ಪುಟ್ ಕ್ರೆಡಿಟ್ ಆಗಿ ನಿಮಗೇ ಸಿಗುತ್ತದೆ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ಪೋರ್ಟಲ್‌ನಲ್ಲಿ ನಿಮ್ಮ ಖರೀದಿ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣಿಸಬೇಕು, ಅಷ್ಟೇ. ಕಮಿಷನ್ ಬಿಲ್ ಕೇಳುತ್ತಿರುವುದು ಇದಕ್ಕೇ.

ಮಾರಾಟಕ್ಕಿಂತ ವಾಪಸ್ ಬಂದ ಸರಕಿನಲ್ಲೇ ಲೆಕ್ಕ ತಪ್ಪುವುದು ಜಾಸ್ತಿ. ಮೇಲಿನ 90ರಲ್ಲಿ 30 ಪೀಸ್ ಡಿಸೆಂಬರ್‌ನಲ್ಲಿ ಮಾರಿದ್ದು ಅಂದುಕೊಳ್ಳಿ. ಮಾರ್ಕೆಟ್‌ಪ್ಲೇಸ್ ಯಾವಾಗ ಮಾರಿದ್ದು ಅಂತ ನೋಡುವುದಿಲ್ಲ, ಯಾವ ತಿಂಗಳು ವಾಪಸ್ ಬಂತೋ ಆ ತಿಂಗಳ ಲೆಕ್ಕದಲ್ಲೇ ಕಳೆಯುತ್ತದೆ. ನೀವು ಜನವರಿಯ ಆರ್ಡರ್‌ಗಳ ವಾಪಸ್ಸನ್ನು ಮಾತ್ರ ಕಳೆದರೆ ನಿಮ್ಮ ಮಾರಾಟ ₹2,04,000 ಆಗುತ್ತದೆ. ಆಗ ನೋಟಿಸ್ ಭಯ ಇಲ್ಲ, ಆದರೆ ಸುಮ್ನೆ ₹900 ತೆರಿಗೆ ಜಾಸ್ತಿ ಕಟ್ಟಿದ ಹಾಗೆ. ಆದ್ದರಿಂದ ವಾಪಸ್ ರಿಪೋರ್ಟನ್ನು ಪೂರ್ತಿ ಕಳಿಸಿ. ಹಳೇ ಆರ್ಡರ್ ಅಂತ ಸಾಲುಗಳನ್ನು ಅಳಿಸಬೇಡಿ.

ನಿಮ್ಮ ಮಾರಾಟದ ವಿವರ ಕೊಡುವ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಈಗ 14ನೇ ಟೇಬಲ್ ಇದೆ. ಯಾವ ಮಾರ್ಕೆಟ್‌ಪ್ಲೇಸ್ ಮೂಲಕ ಎಷ್ಟು ಮಾರಿದಿರಿ ಅಂತ ಅಲ್ಲಿ ಅವರ ಜಿಎಸ್‌ಟಿ ನಂಬರ್ ಸಮೇತ ಬರೆಯಬೇಕು. ಕಮಿಷನ್ ಬಿಲ್ಲಿನಲ್ಲಿರುವ ನಂಬರ್ ಇಲ್ಲಿಗೆ ನಡೆಯುವುದಿಲ್ಲ, ಟಿಸಿಎಸ್‌ಗೆಂದೇ ತೆಗೆದುಕೊಂಡ ನಂಬರ್ ಬೇಕು. ಗುರುತಿಸುವುದು ಸುಲಭ: ಹದಿನೈದು ಅಕ್ಷರಗಳಲ್ಲಿ ಹದಿನಾಲ್ಕನೆಯದು `C` ಆಗಿರುತ್ತದೆ. ಟ್ಯಾಕ್ಸ್ ರಿಪೋರ್ಟ್‌ನಲ್ಲಿ ಈ ನಂಬರ್ ಕಾಣದಿದ್ದರೆ ನಮಗೆ ಹೇಳಿ.

ಇನ್ನು ಹಿಡಿದ ದುಡ್ಡು ವಾಪಸ್ ಪಡೆಯುವ ಮಾತು. ಅದು ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಮಾರ್ಕೆಟ್‌ಪ್ಲೇಸ್ ಮುಂದಿನ ತಿಂಗಳ 10ರೊಳಗೆ ರಿಟರ್ನ್ ಹಾಕಿದ ಮೇಲೆ ಪೋರ್ಟಲ್‌ನ ರಿಟರ್ನ್ಸ್ ಡ್ಯಾಶ್‌ಬೋರ್ಡ್‌ನಲ್ಲಿ `TDS and TCS credit received` ಎಂಬಲ್ಲಿ ಮೊತ್ತ ಕಾಣುತ್ತದೆ. ಅದನ್ನು ಒಪ್ಪಿ ಫೈಲ್ ಮಾಡಿದರೆ ಮಾತ್ರ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಜಮಾ. ಇನ್ನು ಮುಂದೆ ಪ್ರತಿ ತಿಂಗಳು ನಾವೇ ಇದನ್ನು ಮಾಡುತ್ತೇವೆ. ಆ ದಿನ ನಿಮ್ಮ ಮೊಬೈಲ್‌ಗೆ ಒಟಿಪಿ ಬರುತ್ತದೆ. ನಾವು ಫೋನ್ ಮಾಡಿ ಕೇಳಿದಾಗ ದಯವಿಟ್ಟು ಕೊಡಿ. ನಮ್ಮ ಕಚೇರಿಯ ಗೊತ್ತಿರುವ ನಂಬರಿನಿಂದ ಕರೆ ಬಾರದಿದ್ದರೆ ಯಾರಿಗೂ ಕೊಡಬೇಡಿ. ನಿಮಗೆ ಸಂಬಂಧವೇ ಇಲ್ಲದ ಮಾರಾಟ ಅಲ್ಲಿ ಕಂಡರೆ ಒಪ್ಪದೆ ರಿಜೆಕ್ಟ್ ಮಾಡುತ್ತೇವೆ. ಆಗ ಮಾರ್ಕೆಟ್‌ಪ್ಲೇಸ್ ಮುಂದಿನ ರಿಟರ್ನ್‌ನಲ್ಲಿ ತಿದ್ದಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಮೇಲಿನ 310ರಲ್ಲಿ 60 ಪೀಸ್ ಕರ್ನಾಟಕದೊಳಗೆ, 250 ಹೊರ ರಾಜ್ಯಕ್ಕೆ ಹೋಗಿದ್ದರೆ ₹930ರಲ್ಲಿ ₹750 ಐಜಿಎಸ್‌ಟಿ ತಲೆಯಲ್ಲಿ ಬೀಳುತ್ತದೆ, ₹90 ಸಿಜಿಎಸ್‌ಟಿಯಲ್ಲಿ, ₹90 ಎಸ್‌ಜಿಎಸ್‌ಟಿಯಲ್ಲಿ. ಐಜಿಎಸ್‌ಟಿ ತಲೆಯಲ್ಲಿರುವ ನಗದಿನಿಂದ ಸಿಜಿಎಸ್‌ಟಿ ಕಟ್ಟಲು ನೇರವಾಗಿ ಬರುವುದಿಲ್ಲ. ಮೊದಲು ಪಿಎಂಟಿ-09 ಫಾರ್ಮ್ ಹಾಕಿ ಆಚೆಯಿಂದ ಈಚೆಗೆ ಮಾಡಬೇಕು. ಇದು ಗೊತ್ತಿಲ್ಲದೆ ಲೆಡ್ಜರ್‌ನಲ್ಲಿ ದುಡ್ಡು ಇಟ್ಟುಕೊಂಡೇ ಹೊಸ ಚಲನ್ ಕಟ್ಟುವವರಿದ್ದಾರೆ. ಬಟ್ಟೆ, ಜಿಪ್, ಬಟನ್ ಖರೀದಿಯ ಇನ್‌ಪುಟ್ ಕ್ರೆಡಿಟ್‌ನಲ್ಲೇ ನಿಮ್ಮ ತೆರಿಗೆ ಮುಗಿದುಹೋಗುತ್ತಿದ್ದರೆ ನಗದು ಹಾಗೇ ಬೆಳೆಯುತ್ತಾ ಹೋಗುತ್ತದೆ. ಅಂಥವರಿಗೆ ರೀಫಂಡ್ ಅರ್ಜಿ ಹಾಕಬಹುದು. ಲೆಡ್ಜರ್ ನೋಡಿ ನಾವೇ ತಿಳಿಸುತ್ತೇವೆ.

ಮೇಲಿನ ಲೆಕ್ಕದಲ್ಲಿದ್ದ ₹240 ಟಿಡಿಎಸ್ ಜಿಎಸ್‌ಟಿಗೆ ಸೇರಿದ್ದಲ್ಲ. ಅದು ನಿಮ್ಮ ಪ್ಯಾನ್ ಮೇಲೆ 26ಎಎಸ್‌ನಲ್ಲಿ ಬರುತ್ತದೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಕೇಳಬೇಕು. ಪೇಮೆಂಟ್ ಶೀಟ್‌ನಲ್ಲಿ ಟಿಸಿಎಸ್, ಟಿಡಿಎಸ್ ಎರಡೂ ಅಕ್ಕಪಕ್ಕ ಇರುವುದರಿಂದ ಕೂಡಿಸಿ ಕಳಿಸಬೇಡಿ.

7ನೇ ತಾರೀಕು ಅಂದದ್ದಕ್ಕೆ ಕಾರಣ, ತಿಂಗಳ ರಿಟರ್ನ್ ಹಾಕುವವರ ಜಿಎಸ್‌ಟಿಆರ್-1ಕ್ಕೆ 11 ಕೊನೆ ದಿನ. ಫೈಲ್ ಮಾಡಿದ ಮೇಲೆ ಮಾರ್ಕೆಟ್‌ಪ್ಲೇಸ್ ಅಂಕಿ ಬೇರೆ ಇದೆ ಅಂತ ಗೊತ್ತಾದರೆ, ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕುವ ಮುಂಚೆ ಜಿಎಸ್‌ಟಿಆರ್-1ಎ ಮೂಲಕ ತಿದ್ದಬಹುದು. 3ಬಿ ಹಾಕಿದ ಮೇಲಾದರೆ ಮುಂದಿನ ತಿಂಗಳೇ ಗತಿ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರೂ ರಿಪೋರ್ಟ್‌ಗಳನ್ನು ಪ್ರತಿ ತಿಂಗಳೇ ಕಳಿಸಿ, ಯಾಕೆಂದರೆ ಟಿಸಿಎಸ್ ಬರುವುದು ತಿಂಗಳ ಲೆಕ್ಕದಲ್ಲಿ.

ರಿಪೋರ್ಟ್‌ಗಳನ್ನು ಎಕ್ಸೆಲ್‌ನಲ್ಲೇ ಕಳಿಸಿ, ಫೋಟೋ ಬೇಡ. ಡೌನ್‌ಲೋಡ್ ಮಾಡಲು ಬಾರದಿದ್ದರೆ ಲ್ಯಾಪ್‌ಟಾಪ್ ಅಥವಾ ಫೋನ್ ಹಿಡಿದು ಸಂಜೆ ಕಚೇರಿಗೆ ಬನ್ನಿ, ಕೂತು ತೋರಿಸುತ್ತೇವೆ.

ಇಂತಿ,
ನಿಮ್ಮ ತೆರಿಗೆ ಲೆಕ್ಕದ ಕಚೇರಿ, ಬಳ್ಳಾರಿ