ಮಧ್ಯಾಹ್ನ ಏರಿದ ನೀರು

ಪ್ರೀತಿಯ ಪುಟ್ಟಿಗೆ,

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ವಾದಕ್ಕಿಳಿಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮಾಸ್ಟರ್ಸ್ ಅರ್ಜಿಗೆ ನೀನು ಬರೆದು ಕಳಿಸಿದ ಎಸ್‌ಒಪಿ, ಅಂದರೆ ಯಾಕೆ ಓದಬೇಕೆಂದಿದ್ದೀಯ ಎಂದು ಹೇಳುವ ಆ ಉದ್ದೇಶ ಪತ್ರ, ಎರಡು ಸಲ ಓದಿದೆ. ಇಂಗ್ಲಿಷ್ ಶುದ್ಧವಾಗಿದೆ, ಒಂದು ತಪ್ಪೂ ಸಿಗಲಿಲ್ಲ. ಆದರೆ ಮೇಲಿನ ಹೆಸರನ್ನು ಬೆರಳಿಂದ ಮುಚ್ಚಿ ಓದಿದರೆ ಅದು ನಿನ್ನದೆಂದು ನನಗೇ ಗೊತ್ತಾಗಲಿಲ್ಲ ಕಣೆ. ‘ಬಾಲ್ಯದಿಂದಲೂ ತಂತ್ರಜ್ಞಾನದಲ್ಲಿ ಅಪಾರ ಆಸಕ್ತಿ’, ‘ಸಮಾಜಕ್ಕೆ ಕೊಡುಗೆ ನೀಡುವ ಹಂಬಲ’, ‘ತಮ್ಮ ವಿಶ್ವವಿಖ್ಯಾತ ಸಂಸ್ಥೆ’. ಇವು ಸುಳ್ಳಲ್ಲ. ಆದರೆ ಯಾರು ಬೇಕಾದರೂ ಕೆಳಗೆ ಸಹಿ ಹಾಕಬಹುದಾದ ಮಾತುಗಳು. ಪ್ರವೇಶ ಸಮಿತಿಯಲ್ಲಿ ಕೂತವರು ನಿನ್ನದರ ಹಿಂದೆಮುಂದೆ ಇಂಥವನ್ನೇ ರಾಶಿ ಓದಿರುತ್ತಾರೆ. ನಿನ್ನ ಪುಟದಿಂದ ಅವರಿಗೆ ನೆನಪಿನಲ್ಲಿ ಉಳಿಯುವುದು ಏನೂ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಮೂರನೇ ಪ್ಯಾರಾಕ್ಕೆ. ‘ಅಂತಿಮ ವರ್ಷದಲ್ಲಿ ನೀರಿನ ಮಟ್ಟ ಅಳೆಯುವ ಪ್ರಾಜೆಕ್ಟನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದೆ’ ಅಂತ ಒಂದೇ ಸಾಲು! ಅದು ನಿನ್ನ ಸಿವಿಯಲ್ಲಿ ಇದ್ದೇ ಇದೆ. ಹೋದ ವರ್ಷ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದೆಯಲ್ಲ, ಆ ಕಥೆ ಎಲ್ಲಿ ಹೋಯಿತು? ನನಗೆ ನೆನಪಿರುವಷ್ಟನ್ನು ತಿರುಗಿ ಹೇಳುತ್ತೇನೆ, ಎಲ್ಲಿ ತಪ್ಪಿದರೂ ತಿದ್ದು.

ಟ್ಯಾಂಕಿನ ಮುಚ್ಚಳದ ಒಳಗೆ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದ್ದಿರಿ. ಅದು ಶಬ್ದ ಕಳಿಸುತ್ತದೆ, ನೀರಿಗೆ ತಾಗಿ ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಮಧ್ಯಾಹ್ನ ಯಾರೂ ನೀರು ಬಿಡದಿದ್ದರೂ ಗ್ರಾಫಿನಲ್ಲಿ ಮಟ್ಟ ಏರುತ್ತಿತ್ತು, ರಾತ್ರಿ ತಾನಾಗಿ ಇಳಿಯುತ್ತಿತ್ತು. ನೀನು ಮೊದಲು ವೈರಿಂಗ್ ಮೇಲೆ ಅನುಮಾನಪಟ್ಟೆ. ಸೆನ್ಸರನ್ನೇ ಬದಲಿಸಿದೆ, ಹೊಸದೂ ಅದನ್ನೇ ಹೇಳಿತು. ಆಮೇಲೆ ಗುರುತು ಹಾಕಿದ ಕೋಲನ್ನು ಗಂಟೆಗೊಮ್ಮೆ ಟ್ಯಾಂಕಿಗೆ ಇಳಿಸಿ ನಿಜವಾದ ಮಟ್ಟ ಬರೆದುಕೊಂಡೆ. ನೀರು ಅಲ್ಲಾಡಿರಲೇ ಇಲ್ಲ, ಸೆನ್ಸರ್ ಮಾತ್ರ ಸುಮಾರು 7 ಸೆಂಟಿಮೀಟರ್ ಹೆಚ್ಚು ತೋರಿಸುತ್ತಿತ್ತು.

ಕಾರಣ ಬಿಸಿ ಗಾಳಿ. 20 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, 40 ಡಿಗ್ರಿಯಲ್ಲಿ ಸುಮಾರು 355. ನಿಮ್ಮ ಪ್ರೋಗ್ರಾಮಿನಲ್ಲಿ 343 ಎಂದೇ ಬರೆದಿತ್ತು. ಬಿಸಿಗಾಳಿಯಲ್ಲಿ ಪ್ರತಿಧ್ವನಿ ಬೇಗ ಬಂತು, ಪ್ರೋಗ್ರಾಂ ಅದನ್ನು ‘ನೀರು ಹತ್ತಿರವಿದೆ’ ಎಂದು ಓದಿತು. 2 ಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ ಆ 7 ಸೆಂಟಿಮೀಟರೇ ಬರುತ್ತದೆ. ಆಗ ನೀನು ಮುಚ್ಚಳದ ಹತ್ತಿರ ಒಂದು ತಾಪಮಾನದ ಸೆನ್ಸರ್ ಸೇರಿಸಿದೆ. ತಪ್ಪು ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಈಗ ಮಟ್ಟ 2 ಸೆಂಟಿಮೀಟರಿನಷ್ಟು *ಕಡಿಮೆ* ತೋರಿಸತೊಡಗಿತು. ಮುಚ್ಚಳದ ಕೆಳಗಿನ ಗಾಳಿ 45 ಡಿಗ್ರಿ ಇದ್ದರೂ ನೀರಿನ ಮೇಲಿನದು ಅಷ್ಟು ಬಿಸಿ ಇರಲಿಲ್ಲ, ಒಂದೇ ಕಡೆಯ ತಾಪಮಾನ ನಂಬಿ ನೀನು ಅಗತ್ಯಕ್ಕಿಂತ ಹೆಚ್ಚು ತಿದ್ದಿದ್ದೆ.

ಪುಟ್ಟಿ, ನಿನ್ನ ಎಸ್‌ಒಪಿ ಇರುವುದು ಆ ಉಳಿದ 2 ಸೆಂಟಿಮೀಟರಿನಲ್ಲಿ. 7 ಸೆಂಟಿಮೀಟರಿನ ತಪ್ಪು ಹಿಡಿದದ್ದು ನೀನು ಏನು ಮಾಡಬಲ್ಲೆ ಎಂದು ತೋರಿಸುತ್ತದೆ. ಉಳಿದದ್ದು ನಿನಗೆ ಏನು ಬರುವುದಿಲ್ಲ ಎಂದು ತೋರಿಸುತ್ತದೆ. ಬರುವುದಿಲ್ಲ ಅನ್ನುವುದೇ ತಾನೇ ಮುಂದೆ ಓದಲು ಕಾರಣ? ಎಲ್ಲ ಬಗೆಹರಿದು ಚಪ್ಪಾಳೆಯಲ್ಲಿ ಮುಗಿಯುವ ಕಥೆ ಬರೆದರೆ, ಇವಳಿಗೆ ಮಾಸ್ಟರ್ಸ್ ಯಾಕೆ ಬೇಕು ಅನಿಸುತ್ತದೆ.

ಆದ್ದರಿಂದ ಬಾಲ್ಯದ ಪ್ಯಾರಾ ಪೂರ್ತಿ ತೆಗೆದುಹಾಕು. ನೇರವಾಗಿ ಟ್ಯಾಂಕಿನಿಂದ ಶುರು ಮಾಡು, ಹೀಗೆ ಏನಾದರೂ: ‘ನಾವು ಮಾಡಿದ ಉಪಕರಣದ ಪ್ರಕಾರ, ಮುಚ್ಚಿದ ಟ್ಯಾಂಕಿನಲ್ಲಿ ಪ್ರತಿ ಮಧ್ಯಾಹ್ನ ನೀರು ಹೆಚ್ಚುತ್ತಿತ್ತು. ನಾನು ಸೆನ್ಸರ್ ಕೆಟ್ಟಿದೆ ಎಂದುಕೊಂಡು ಅದನ್ನು ಬದಲಿಸಿದೆ. ಅದು ತಪ್ಪು ಊಹೆಯಾಗಿತ್ತು.’ ಇಷ್ಟು ಓದಿದವರು ಮುಂದಿನ ಸಾಲಿಗೆ ಹೋಗೇ ಹೋಗುತ್ತಾರೆ. ‘ನಾನು ಛಲಬಿಡದವಳು’ ಅಂತ ಎಲ್ಲೂ ಬರೆಯಬೇಡ. ಗಂಟೆಗೊಮ್ಮೆ ಕೋಲು ಇಳಿಸಿದ್ದನ್ನು ಬರೆ, ಸಾಕು.

ಆದರೆ ಕಥೆಯೇ ಇಡೀ ಪತ್ರವನ್ನು ತಿನ್ನಬಾರದು. ನಿನಗೆ ಅವರು ಕೊಟ್ಟಿರುವ ಮಿತಿ 800 ಪದ ಅಂದೆಯಲ್ಲ, ಕಥೆಗೆ 300 ಇಟ್ಟುಕೊ. ನಾನು ಅರ್ಜಿ ಹಾಕಿದಾಗ ಇಲ್ಲೇ ಎಡವಿದ್ದೆ, ನನ್ನ ಮೊದಲ ಕರಡು ಪ್ರಾಜೆಕ್ಟ್ ರಿಪೋರ್ಟ್ ಆಗಿಹೋಗಿತ್ತು. ಸರ್ಕ್ಯೂಟ್ ವಿವರ, ಬೋರ್ಡಿನ ಮಾಡೆಲ್ ಯಾವುದೂ ಬೇಡ. ನೀನು ಒಂದು ತೀರ್ಮಾನಕ್ಕೆ ಬಂದ ಜಾಗ, ಆ ತೀರ್ಮಾನ ಕೈಕೊಟ್ಟ ಜಾಗ, ಇವೆರಡು ಉಳಿದರೆ ಸಾಕು.

ಮಿಕ್ಕ ಪದಗಳು ಆ 2 ಸೆಂಟಿಮೀಟರಿನ ಬೆನ್ನು ಹತ್ತಿ ಹೋಗಲಿ. ಅಳತೆಯ ಅನಿಶ್ಚಿತತೆಯನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ನಿನಗೆ ಕಾಲೇಜಿನಲ್ಲಿ ಎಷ್ಟು ಕಲಿಸಿದರು, ಎಲ್ಲಿಗೆ ನಿಂತಿತು, ಆಮೇಲೆ ನೀನಾಗಿ ಏನು ಓದಿದೆ. ಅಲ್ಲಿಂದ ಕೋರ್ಸಿಗೆ ಬಾ. ‘ವಿಶ್ವವಿಖ್ಯಾತ’ ಅನ್ನುವ ಬದಲು, ಅವರ ಪಠ್ಯಕ್ರಮ ತೆಗೆದು ನೋಡಿ ಯಾವ ವಿಷಯ, ಯಾವ ಪ್ರಯೋಗಾಲಯ ಈ ಪ್ರಶ್ನೆಗೆ ಹತ್ತಿರವಿದೆ ಎಂದು ಹೆಸರಿಸು. ಒಂದೂ ಹತ್ತಿರವಿಲ್ಲದಿದ್ದರೆ ಅಲ್ಲಿಗೆ ಅರ್ಜಿ ಹಾಕುವುದೇ ಬೇಡವೇನೋ, ಯೋಚಿಸು. ಬೇರೆ ಬೇರೆ ಕಡೆ ಹಾಕುವಾಗ ಕಥೆ ಅದೇ ಇರಲಿ, ಈ ಭಾಗ ಮಾತ್ರ ಪ್ರತಿ ಸಲ ಹೊಸದಾಗಿ ಬರೆ. ಹೆಸರು ಬದಲಿಸಿ ಅಂಟಿಸಿದ್ದು ಓದುವವರಿಗೆ ತಿಳಿದುಬಿಡುತ್ತದೆ. ಅವರ ಸೂಚನೆಯನ್ನೂ ಮತ್ತೊಮ್ಮೆ ಓದು. ಕೆಲವರು ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಬೇರೆಯೇ ಕೇಳುತ್ತಾರೆ. ನಮ್ಮ ಮನೆ, ನಿನ್ನ ಓದಿನ ಕಷ್ಟ ಎಲ್ಲ ಅದಕ್ಕೆ ಸೇರಿದ್ದು.

ಇನ್ನೊಂದು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರೋಗ್ರಾಂ ಬರೆದದ್ದು ನಿನ್ನ ಗೆಳತಿ ಅಂತ ಹೇಳಿದ್ದೆ. ಹಾಗಿದ್ದರೆ ‘ನಾವು’ ಎಲ್ಲಿ, ‘ನಾನು’ ಎಲ್ಲಿ ಎಂದು ನೋಡಿ ಬರೆ. ನಿನ್ನ ಗೈಡ್ ಶಿಫಾರಸು ಪತ್ರ ಬರೆಯುವಾಗ ಇದೇ ಪ್ರಾಜೆಕ್ಟಿನ ಮಾತು ಬರುತ್ತದೆ, ಎರಡೂ ಒಂದೇ ಫೈಲಿನಲ್ಲಿ ಕೂರುತ್ತವೆ. ಅವರಿಗೆ ನಿನ್ನ ಕರಡು ಮೊದಲೇ ತೋರಿಸು. ಸಂದರ್ಶನವೇನಾದರೂ ಇದ್ದರೆ ಮೊದಲು ಕೇಳುವುದೂ ಆ 2 ಸೆಂಟಿಮೀಟರ್ ಬಗ್ಗೆಯೇ ಇರಬಹುದು. ಆಗ ತಡವರಿಸುವಂಥದ್ದು ಒಂದು ಸಾಲೂ ಅದರಲ್ಲಿ ಇರಬಾರದು.

ಕೋಲು ಇಳಿಸಿ ಅಳತೆ ಬರೆದುಕೊಂಡಿದ್ದ ನೋಟ್‌ಬುಕ್ ಇನ್ನೂ ಇದೆಯಾ? ಇದ್ದರೆ ಆ ಪುಟಗಳ ಫೋಟೊ ಕಳಿಸು. 7, 2 ಅಂತ ನಾನು ನೆನಪಿನಿಂದ ಹೇಳಿದ್ದು. ನೀನು ಬರೆಯುವಾಗ ನೋಟ್‌ಬುಕ್ಕಿನಲ್ಲಿ ಇರುವುದನ್ನೇ ಬರೆ, ಅದು 6 ಆಗಿದ್ದರೆ 6.

ನಿನ್ನ,
ಅಕ್ಕ