ಮುತ್ಯಾ ಬಂದ, ಭಜ್ಜಿ ಸಾಲಲಿಲ್ಲ

ತಂಗೀ,

ನಿನ್ನ ಕಥೆ ಓದಿದೆ. ಎಳ್ಳ ಅಮಾವಾಸ್ಯೆ. ಮನೆಯವರೆಲ್ಲ ಹೊಲಕ್ಕೆ ಬಂದಿದ್ದಾರೆ. ಐದು ಕಲ್ಲಿಟ್ಟು ಪಾಂಡವರ ಪೂಜೆ ಮುಗಿದಿದೆ, ಚರಗ ಚೆಲ್ಲಿ ಆಗಿದೆ. ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತಾಗ, ಹೋದ ಬೇಸಿಗೆಯಲ್ಲಿ ತೀರಿಕೊಂಡ ಮುತ್ಯಾ ಬಂದು ಪಂಕ್ತಿಯಲ್ಲಿ ಕೂಡುತ್ತಾನೆ. ಇಲ್ಲಿವರೆಗೆ ಚೆನ್ನಾಗಿದೆ. ಮುಂದಿನ ಸಾಲಿನಲ್ಲೇ ಕೆಟ್ಟಿತು: "ಎಲ್ಲರೂ ದಂಗಾದರು. ಸೊಸೆಯ ಕೈಯಿಂದ ತಾಟು ಬಿತ್ತು." ಅಲ್ಲಿಗೆ ಅದು ದೆವ್ವದ ಕಥೆ ಆಯ್ತು. ಸತ್ತವನು ಬಂದದ್ದನ್ನೂ ದಿನದ ಮಾತಿನಂತೆ ಹೇಳಬೇಕಾದ ಕಥೆ ಇದು.

ಆ ಸೊಸೆಯನ್ನೇ ಸ್ವಲ್ಪ ನೋಡು. ಬೆಳಗಿನ ಜಾವ ಎದ್ದು ಹಸಿ ತೊಗರಿ, ಅವರೆ, ಸಿಕ್ಕ ಕಾಯಿಪಲ್ಲೆ ಎಲ್ಲ ಹಾಕಿ ಭಜ್ಜಿ ಕುದಿಸಿದ್ದಾಳೆ. ಪಕ್ಕದ ಹೊಲದವರನ್ನೂ ಉಣ್ಣಲು ಕರೆದಾಗಿದೆ. ಈಗ ಇನ್ನೊಂದು ಬಾಯಿ ಬಂತು. ಅವಳ ಚಿಂತೆ ಭಜ್ಜಿಯದು. ಮುತ್ಯಾನಿಗೆ ಹಲ್ಲಿಲ್ಲ, ಸಜ್ಜಿ ರೊಟ್ಟಿ ಅಂಬಲಿಯಲ್ಲಿ ನೆನೆಸಿ ಕೊಡಬೇಕು. "ಬರೋದಿದ್ರ ಮೊದಲೇ ಹೇಳಬಾರ್ದೇನ್ರಿ ಮಾವಾ" ಅಂತ ಗೊಣಗಲಿ. ಓದುವವರು ಅವಳನ್ನು ನಂಬುತ್ತಾರೆ. ಅವಳು ಬಡಿಸಿದ ಮೇಲೆ ಮುತ್ಯಾನನ್ನೂ ನಂಬಲೇಬೇಕಾಗುತ್ತದೆ.

ವಾಕ್ಯ ಕಟ್ಟುವಾಗಲೂ ಇದೇ ಲೆಕ್ಕ. ನೀನು ಬರೆದದ್ದು: "ಇದ್ದಕ್ಕಿದ್ದಂತೆ ಸತ್ತುಹೋಗಿದ್ದ ಮುತ್ಯಾ ಪ್ರತ್ಯಕ್ಷನಾದ!" ಅಸಾಧ್ಯವಾದದ್ದೇ ಕೊನೆಯ ಕ್ರಿಯಾಪದವಾಗಿ ಕೂತಿದೆ, ಮೇಲೊಂದು ಉದ್ಗಾರ ಬೇರೆ. ಹೀಗೆ ಮಾಡಿ ನೋಡು: "ಸತ್ತಿದ್ದ ಮುತ್ಯಾ ಬಂದು ಕೂಡುವಷ್ಟರಲ್ಲಿ ಭಜ್ಜಿ ತಳ ಕಂಡಿತ್ತು." ಈಗ ವಾಕ್ಯದ ಭಾರ ಭಜ್ಜಿಯ ಮೇಲೆ ಬಿತ್ತು. ಮುತ್ಯಾ ಬಂದದ್ದು ಸುಮ್ನೆ ದಾರಿಯಲ್ಲಿ ಆದ ಮಾತು. "ಬಂದಂತೆ", "ಕೂತ ಹಾಗೆ", "ಎನ್ನಿಸಿತು" ಇವನ್ನೆಲ್ಲ ಹುಡುಕಿ ಹೊಡೆದುಹಾಕು. ಅವನು ಬಂದಂತೆ ಆದರೆ ಬಂದಿಲ್ಲ ಅಂತಲೇ ಅರ್ಥ, ಅಲ್ವಾ?

ಬಂದವನು ಏನು ಮಾಡುತ್ತಾನೆ? ನಿನ್ನ ಕಥೆಯಲ್ಲಿ ಬದುಕು ಸಾವಿನ ಬಗ್ಗೆ ಒಂದು ಪುಟ ಮಾತಾಡುತ್ತಾನೆ. ಜೀವಮಾನವೆಲ್ಲ ಎರೆಹೊಲದಲ್ಲಿ ದುಡಿದವನು ಹೊಲ ನೋಡದೆ ಇರುತ್ತಾನಾ? ಕಾಯಿ ಕಟ್ಟಿದ ತೊಗರಿಯ ನಡುವೆ ಅಲ್ಲಲ್ಲಿ ಗಿಡ ಗುಂಪಾಗಿ ಒಣಗಿ ನಿಂತಿದೆ. ನೆಟೆ ರೋಗ. ಮಗನ ಕಡೆ ತಿರುಗಿ, "ಇದೇ ಹೊಲಕ್ಕ ಮತ್ತ ತೊಗರೀನೇ ಹಾಕಿದೇನು? ಒಂದೆರಡು ವರ್ಷ ಜ್ವಾಳ ಬಿತ್ತು ಅಂದಿದ್ನಲ್ಲ" ಅನ್ನಲಿ. ಆ ರೋಗ ಮಣ್ಣಿನಲ್ಲೇ ಉಳಿಯುತ್ತದೆ, ಬೆಳೆ ಬದಲಿಸಿದರೆ ಕಡಿಮೆಯಾಗುತ್ತದೆ. ಈ ಒಂದು ಮಾತು ಸರಿ ಇದ್ದರೆ ಕಲಬುರಗಿ ಕಡೆಯ ಓದುಗ ಅವನು ಸತ್ತವನೋ ಬದುಕಿದವನೋ ಅಂತ ಕೇಳುವುದಿಲ್ಲ. ತಪ್ಪಿದ್ದರೆ ಅಲ್ಲೇ ಕಥೆ ಬಿಡುತ್ತಾನೆ.

ನಾಲ್ಕನೇ ಪುಟದಲ್ಲಿ ಮುತ್ಯಾ ಗಾಳಿಯಲ್ಲಿ ತೇಲಿ ಗಂಜ್ ಮಾರುಕಟ್ಟೆಗೆ ಹೋಗಿ ತೊಗರಿ ದರ ಕೇಳಿ ಬರುತ್ತಾನೆ. ಅದು ಬೇಡ. ಏನು ಬೇಕಾದರೂ ಮಾಡಬಲ್ಲವನ ಬಗ್ಗೆ ಯಾರಿಗೂ ಕಳವಳ ಇರುವುದಿಲ್ಲ. ಒಂದು ಕಟ್ಟು ಹಾಕು: ಹೊಲದ ಒಡ್ಡು ದಾಟಲು ಅವನಿಗೆ ಆಗದು. ಯಾಕೆ ಅಂತ ಹೇಳಬೇಡ, ಆದರೆ ಎಲ್ಲೂ ಮುರಿಯಬೇಡ. ದರವನ್ನು ಮೊಮ್ಮಗ ಮೊಬೈಲಿನಲ್ಲಿ ನೋಡಿ ಹೇಳಲಿ. ಮುತ್ಯಾ ನಂಬದಿರಲಿ. ನಿನ್ನ ಕಥೆಗೆ ಬೇಕಾದ ಆಶ್ಚರ್ಯ ಅಷ್ಟೇ, ಅದು ಕ್ವಿಂಟಲ್ ದರದ ಬಗ್ಗೆ ಇರಲಿ.

ಈಗ ನಿಜವಾದ ಜಗಳ. ಮುತ್ಯಾ ಸತ್ತ ಮೇಲೆ ಪೌತಿ ಖಾತೆ ಆಗಿದೆ, ಪಹಣಿಯಲ್ಲಿ ಇಬ್ಬರು ಮಕ್ಕಳ ಹೆಸರು ಬಂದಿದೆ. ಇದನ್ನು ನೀನು ಒಂದೇ ಸಾಲಿನಲ್ಲಿ ದಾಟಿದ್ದೀಯ. ಕಥೆ ಇರುವುದೇ ಇಲ್ಲಿ. ಹಿರಿಮಗನಿಗೆ ಅಪ್ಪ ಬಂದ ಖುಷಿ ಒಂದು ಕಡೆ, ಹೊಲ ವಾಪಸ್ ಕೇಳಿದರೆ ಅನ್ನೋ ಭಯ ಒಂದು ಕಡೆ. ಅವನು ಮರುದಿನ ತಲಾಟಿಯ ಹತ್ತಿರ ಹೋಗಲಿ. ತಲಾಟಿ ತಲೆ ಎತ್ತದೆ, "ಸತ್ತವರ ಹೆಸರು ತೆಗೀಲಾಕ ಅರ್ಜಿ ಅದ. ತಿರುಗಿ ಬಂದವರದು ಹಾಕ್ಲಾಕ ಇಲ್ಲ" ಅನ್ನಲಿ. ಇಡೀ ಕಥೆಯಲ್ಲಿ "ಸತ್ತವರು ಹೇಗೆ ಬಂದರು" ಅಂತ ಕೇಳಬಹುದಾದ ಮನುಷ್ಯ ಇವನೊಬ್ಬನೇ. ಅವನೂ ಕೇಳುವುದಿಲ್ಲ, ಯಾಕಂದ್ರೆ ಅವನ ತೊಂದರೆ ಅರ್ಜಿಯದು.

ಶರಣಬಸವೇಶ್ವರರ ಪವಾಡ ಕೇಳುತ್ತಲೇ ಬೆಳೆದವರು ನಾವು, ಹಾಗಾಗಿ ಕೈ ತಾನಾಗಿ ಆ ಕಡೆ ಎಳೆಯುತ್ತದೆ. ಪವಾಡದ ಕಥೆಯಲ್ಲಿ ನಡೆದದ್ದು ಶರಣರ ಹಿರಿಮೆ ತೋರಿಸಬೇಕು, ಕೇಳಿದವರು ಕೈ ಮುಗಿಯಬೇಕು. ನಿನ್ನ ಮುತ್ಯಾ ಏನನ್ನೂ ತೋರಿಸಲು ಬಂದಿಲ್ಲ. ಯಾರೂ ಅವನ ಕಾಲಿಗೆ ಬೀಳದಿರಲಿ. ಮೊಮ್ಮಗಳು ಬಿದ್ದರೂ ಹಬ್ಬದ ದಿನ ಹಿರಿಯರಿಗೆ ಬೀಳುವಷ್ಟೇ.

ಕೊನೆಯಲ್ಲಿ ಮೊಮ್ಮಗಳು ಎಚ್ಚರಾಗಿ ಎಲ್ಲ ಕನಸು ಅಂದುಕೊಳ್ಳುತ್ತಾಳಲ್ಲ, ಆ ಪ್ಯಾರಾ ತೆಗೆ. ತಲಾಟಿಯ ಭಾಗ ಬರೆದು ಮತ್ತೆ ಕಳಿಸು. ಕಿರಿಮಗ ಯಾರ ಪರ ಅನ್ನೋದು ನನಗಿನ್ನೂ ಗೊತ್ತಾಗಿಲ್ಲ, ಅದನ್ನೂ ಯೋಚಿಸು.

ನಿನ್ನ ಅಣ್ಣ